ಮುಚ್ಚಿಡಬೇಕಾದ ಸಿಮೆಂಟು, ಗಾಳಿಯಾಡಬೇಕಾದ ಕಂಬಿ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕರಾವಳಿಯಲ್ಲಿ ಮನೆ ಕಟ್ಟಿಸುವವರಿಗೆ ಆಕಾಶ ನೋಡುವುದೇ ಕೆಲಸ. ಮಳೆ ಹಿಡಿಯುವುದರೊಳಗೆ ಸ್ಲ್ಯಾಬ್ ಆಗಬೇಕು. ಅದಕ್ಕಾಗಿ ಸಿಮೆಂಟು, ಕಂಬಿ ಎಲ್ಲವನ್ನೂ ಮೊದಲೇ ತರಿಸಿಕೊಳ್ಳುತ್ತಾರೆ. ಲಾರಿ ಬಂದಾಗ ಮೇಸ್ತ್ರಿ ಬೇರೆ ಸೈಟಿನಲ್ಲಿ, ಮನೆಯವರು ಆಫೀಸಿನಲ್ಲಿ. ಇಳಿಸುವವರು ತಮಗೆ ಹತ್ತಿರವಾದ ಜಾಗ ನೋಡಿ ಮೂಟೆಗಳನ್ನು ಗೋಡೆಗೆ ಒತ್ತಿ ಪೇರಿಸುತ್ತಾರೆ, ಕಂಬಿಯನ್ನು ಕೆಂಪುಮಣ್ಣಿನ ಮೇಲೆ ಉರುಳಿಸುತ್ತಾರೆ. ಸಂಜೆ ಮೋಡ ಕವಿದಾಗ ಯಾರೋ ಒಬ್ಬರು ಎರಡಕ್ಕೂ ಸೇರಿಸಿ ಒಂದೇ ತಾರ್ಪಾಲು ಹೊದೆಸಿ, ನಾಲ್ಕು ಕಲ್ಲು ಹೇರಿ ಹೋಗುತ್ತಾರೆ.

ಹೊದೆಸಿದ ತಾರ್ಪಾಲು ಎರಡಕ್ಕೂ ಹೊಂದುವುದಿಲ್ಲ. ನೀರು ಇಬ್ಬರಿಗೂ ಶತ್ರುವೇ ಆದರೂ ಅದು ಎರಡನ್ನು ಕೆಡಿಸುವ ದಾರಿ ಬೇರೆ ಬೇರೆ. ಸಿಮೆಂಟಿಗೆ ಮಳೆಹನಿಯೇ ಬೀಳಬೇಕೆಂದಿಲ್ಲ, ಗಾಳಿಯಲ್ಲಿರುವ ಪಸೆ ಸಾಕು. ಹಾಗಾಗಿ ಅದನ್ನು ಗಾಳಿಯಿಂದಲೇ ಮರೆಮಾಡಬೇಕು. ಕಂಬಿಯ ಮೇಲೆ ಒಂದು ಮಳೆ ಬಿದ್ದು ಬೇಗ ಒಣಗಿದರೆ ದೊಡ್ಡ ನಷ್ಟವಿಲ್ಲ. ಒಣಗದೆ ವಾರಗಟ್ಟಲೆ ತೇವದಲ್ಲಿ ಬಿದ್ದಿದ್ದರೆ ಕೆಡುತ್ತದೆ. ಹಾಗಾಗಿ ಅದರ ಸುತ್ತ ಗಾಳಿ ಓಡಾಡಬೇಕು. ಬಿಗಿಯಾಗಿ ಸುತ್ತಿದ ತಾರ್ಪಾಲಿನೊಳಗೆ ರಾತ್ರಿ ಬೆವರಿದ ನೀರು ಕಂಬಿಯ ಮೇಲೇ ತೊಟ್ಟಿಕ್ಕುತ್ತದೆ. ಅದೇ ತಾರ್ಪಾಲಿನ ಬದಿಯಿಂದ ನುಗ್ಗುವ ತಂಪುಗಾಳಿ ಸಿಮೆಂಟಿಗೆ ತಾಗುತ್ತದೆ. ಒಂದೇ ಹೊದಿಕೆಯಡಿ ಎರಡೂ ಹಾಳು.

ಸಿಮೆಂಟ್ ಮೂಟೆ ನೋಡಲು ಭದ್ರವಾಗಿ ಕಾಣುತ್ತದೆ. ಆದರೆ ಇಂದು ಪೇಟೆಯಲ್ಲಿ ಸಿಗುವ ಬಹುಪಾಲು ಚೀಲಗಳು ಪ್ಲಾಸ್ಟಿಕ್ ಪಟ್ಟಿಗಳನ್ನು ನೇಯ್ದು ಮಾಡಿದವು. ಕಾರ್ಖಾನೆಯಲ್ಲಿ ಯಂತ್ರ ರಭಸದಿಂದ ಸಿಮೆಂಟು ತುಂಬುವಾಗ ಒಳಗಿನ ಗಾಳಿ ಹೊರಬೀಳಬೇಕಲ್ಲ, ಅದಕ್ಕಾಗಿ ಚೀಲದಲ್ಲಿ ಸಣ್ಣ ಸಣ್ಣ ರಂಧ್ರಗಳೂ ಇರುತ್ತವೆ. ಗಾಳಿ ಹೊರಹೋದ ದಾರಿಯಲ್ಲೇ ಪಸೆ ಒಳಬರುತ್ತದೆ. ಚೀಲ ಹರಿದಿಲ್ಲ, ಹೊಲಿಗೆ ಬಿಚ್ಚಿಲ್ಲ, ಆದ್ದರಿಂದ ಸಿಮೆಂಟು ಸುರಕ್ಷಿತ ಎಂಬ ನಂಬಿಕೆ ತಪ್ಪುವುದು ಇಲ್ಲಿಯೇ.

ಒಳಬಂದ ತೇವ ಸಿಮೆಂಟಿನ ಕಣದ ಮೇಲೆ ಕೂತು, ಕಾಂಕ್ರೀಟಿನಲ್ಲಿ ನಡೆಯಬೇಕಾದ ಅದೇ ರಾಸಾಯನಿಕ ಕ್ರಿಯೆಯನ್ನು ಚೀಲದಲ್ಲೇ ಶುರುಮಾಡುತ್ತದೆ. ಕಣದ ಸುತ್ತ ಗಟ್ಟಿಯಾದ ತೆಳುಪೊರೆ ಕಟ್ಟುತ್ತದೆ. ಅತಿ ನುಣ್ಣನೆಯ ಕಣಗಳು ಮೊದಲು ಸಾಯುತ್ತವೆ, ಕಾಂಕ್ರೀಟಿಗೆ ಮೊದಲ ದಿನಗಳ ಬಲ ಕೊಡುವುದು ಅವೇ ಕಣಗಳು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪೂ ಪಸೆ ಎಳೆದು ಗಟ್ಟಿಯಾಗುತ್ತದೆ, ಆದರೆ ಬಿಸಿಲಿಗೆ ಒಣಗಿಸಿದರೆ ಮತ್ತೆ ಉಪ್ಪೇ. ಸಿಮೆಂಟು ಹಾಗಲ್ಲ. ಒಮ್ಮೆ ನೀರಿನೊಂದಿಗೆ ಕೂಡಿದ ಕಣ ಎಷ್ಟೇ ಒಣಗಿಸಿದರೂ ಮತ್ತೆ ಸಿಮೆಂಟಾಗುವುದಿಲ್ಲ.

ಚೆನ್ನಾಗಿ ಇಟ್ಟರೂ ಸಿಮೆಂಟಿಗೆ ವಯಸ್ಸಾಗುತ್ತದೆ. ಎಂಜಿನಿಯರಿಂಗ್ ಪಠ್ಯಗಳು ಕೊಡುವ ಅಂದಾಜಿನಂತೆ, ಚೀಲದಲ್ಲಿಟ್ಟ ಸಿಮೆಂಟು ಮೂರು ತಿಂಗಳಲ್ಲಿ ಸುಮಾರು ಶೇ. 20ರಷ್ಟು, ಆರು ತಿಂಗಳಲ್ಲಿ ಶೇ. 30ರ ಹತ್ತಿರ, ವರ್ಷದಲ್ಲಿ ಶೇ. 40ರಷ್ಟು ಬಲ ಕಳೆದುಕೊಳ್ಳುತ್ತದೆ. ಒಣಹವೆಯಲ್ಲಿ ಇದು ನಿಧಾನ, ತೇವದಲ್ಲಿ ಬೇಗ. ಈಗ ಮನೆಕಟ್ಟುವವರು ಹೆಚ್ಚಾಗಿ ಕೊಳ್ಳುವ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟು, ಸಾಮಾನ್ಯ ಓಪಿಸಿಗಿಂತ ನುಣ್ಣಗೆ ಅರೆದದ್ದು. ನುಣುಪು ಹೆಚ್ಚಿದಷ್ಟೂ ಪಸೆಗೆ ತೆರೆದುಕೊಳ್ಳುವ ಮೈ ಹೆಚ್ಚು, ಕಾಪಾಡುವ ಕಾಳಜಿಯೂ ಹೆಚ್ಚು ಬೇಕು.

ವಯಸ್ಸು ತಿಳಿಯಲು ಅಂಗಡಿಯವರನ್ನು ಕೇಳಬೇಕಾಗಿಲ್ಲ, ಚೀಲದ ಮೇಲೆಯೇ ಬರೆದಿರುತ್ತದೆ. ತಯಾರಾದ ವಾರದ ಸಂಖ್ಯೆ ಮತ್ತು ವರ್ಷವನ್ನು ಮುದ್ರಿಸಬೇಕೆಂದು ಭಾರತೀಯ ಮಾನಕದಲ್ಲೇ ಇದೆ. ವಾರ 18 ಎಂದಿದ್ದರೆ ಅದು ಏಪ್ರಿಲ್ ಕೊನೆ ಅಥವಾ ಮೇ ಮೊದಲ ದಿನಗಳ ಸರಕು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಒಣನೆಲದಲ್ಲಿ ತಯಾರಾದ ಚೀಲ ಕರಾವಳಿಯ ಗೋದಾಮಿಗೆ ಬಂದು, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಸೈಟಿಗೆ ತಲುಪುವಾಗ ಎಷ್ಟು ದಿನ ಕಳೆದಿದೆ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. ಇಳಿಸಿಕೊಳ್ಳುವ ಮೊದಲು ಲಾರಿಯಲ್ಲಿರುವಾಗಲೇ ನಾಲ್ಕಾರು ಚೀಲಗಳ ಸಂಖ್ಯೆ ಓದಬೇಕು. ಒಂದೇ ಲೋಡಿನಲ್ಲಿ ಎರಡು ಮೂರು ವಾರಗಳ ಸರಕು ಬೆರೆತಿರುವುದು ಅಪರೂಪವೇನಲ್ಲ.

ಲೆಕ್ಕ ಸ್ಪಷ್ಟವಾಗಲು ಉಡುಪಿಯ ಹತ್ತಿರ ಕಟ್ಟುತ್ತಿರುವ ಒಂದು ಸಾಮಾನ್ಯ ಮನೆಯನ್ನು ತೆಗೆದುಕೊಳ್ಳೋಣ. ಸ್ಲ್ಯಾಬಿನ ವಿಸ್ತಾರ 1,000 ಚದರಡಿ, ದಪ್ಪ ಐದಿಂಚು. ಬೀಮುಗಳನ್ನೂ ಸೇರಿಸಿದರೆ ಹತ್ತಿರ ಹತ್ತಿರ 15 ಘನ ಮೀಟರ್ ಕಾಂಕ್ರೀಟು. ಒಂದು ಘನ ಮೀಟರಿಗೆ ಎಂಟು ಮೂಟೆಯಂತೆ 120 ಮೂಟೆ ಸಿಮೆಂಟು, ಜೊತೆಗೆ ಒಂದೂಕಾಲರಿಂದ ಒಂದೂವರೆ ಟನ್ ಕಂಬಿ. ಮನೆಯವರು ದರ ಏರಬಹುದೆಂದು 200 ಮೂಟೆ ತರಿಸಿದ್ದಾರೆ. ಸ್ಲ್ಯಾಬು ಮೇ ಕೊನೆಯಲ್ಲೇ ಆಯಿತು ಎನ್ನೋಣ. ಉಳಿದ 80 ಮೂಟೆ ಮಳೆಗಾಲವಿಡೀ ಕೂರಬೇಕು, ಏಕೆಂದರೆ ಗಾರೆ ಕೆಲಸ ಶುರುವಾಗುವುದು ಮಳೆ ಇಳಿದ ಮೇಲೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ಅದರ ಬಹುಪಾಲು ಬೀಳುವ ನಾಲ್ಕು ತಿಂಗಳನ್ನು ಈ ಮೂಟೆಗಳು ದಾಟಬೇಕು. ವಾರ 18ರ ಸರಕಾಗಿದ್ದರೆ ಜುಲೈ ಕೊನೆಗೇ ಅದಕ್ಕೆ ಮೂರು ತಿಂಗಳು ತುಂಬುತ್ತದೆ.

ಇಲ್ಲಿ ಮೊದಲು ಹೇಳಬೇಕಾದ್ದು, ಆ 80 ಮೂಟೆಯನ್ನು ಕೊಂಡದ್ದೇ ತಪ್ಪು ಲೆಕ್ಕ. ಮೂಟೆಗೆ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಬಲದ ಐದನೇ ಒಂದು ಭಾಗವನ್ನು ಕಳೆದುಕೊಂಡರೆ ಅದು ಉಳಿತಾಯವಲ್ಲ. ಮುಂದಿನ ಎರಡು ಮೂರು ವಾರಕ್ಕೆ ಬೇಕಾದಷ್ಟನ್ನೇ ತರಿಸುವುದು ಎಲ್ಲಕ್ಕಿಂತ ಒಳ್ಳೆಯ ಸಂಗ್ರಹ. ಬೇಡದ ಮೂಟೆಗಳನ್ನು ತಾಜಾ ಇರುವಾಗಲೇ ಅಂಗಡಿಗೆ ಹಿಂತಿರುಗಿಸಲು ಅಥವಾ ಕೆಲಸ ನಡೆಯುತ್ತಿರುವ ಪಕ್ಕದ ಸೈಟಿಗೆ ಕೊಡಲು ಸಾಧ್ಯವಾದರೆ ಹಾಗೆ ಮಾಡುವುದೇ ಸರಿ. ಅದಾಗದಿದ್ದರೆ ಮಾತ್ರ ಮುಂದಿನ ಏರ್ಪಾಟು.

ತುಂಬಿದ ಮೂಟೆ ಸುಮಾರು ಎರಡೂಕಾಲು ಅಡಿ ಉದ್ದ, ಒಂದೂವರೆ ಅಡಿ ಅಗಲ, ಐದಿಂಚು ದಪ್ಪ ಇರುತ್ತದೆ. ಎಂಟರ ಎತ್ತರಕ್ಕೆ ಪೇರಿಸಿದರೆ 80 ಮೂಟೆಗೆ ನೆಲದಲ್ಲಿ ಹತ್ತು ಮೂಟೆಯ ಜಾಗ ಸಾಕು, ಅಂದರೆ ನಾಲ್ಕೂವರೆ ಅಡಿಗೆ ಏಳೂವರೆ ಅಡಿ. ಸುತ್ತಲೂ ಗೋಡೆಯಿಂದ ಎರಡಡಿ ಬಿಡಬೇಕು. ಹೊರಗೋಡೆಗೂ ರಾಶಿಗೂ ನಡುವೆ ಈ ಅಂತರ ಇರಲೇಬೇಕೆಂದು ಕಟ್ಟಡ ಸಾಮಗ್ರಿಗಳ ಸಂಗ್ರಹದ ಬಗೆಗಿನ ಭಾರತೀಯ ಮಾನಕ, ಐಎಸ್ 4082, ಹೇಳುತ್ತದೆ. ಗಿಲಾವಿಲ್ಲದ ಮುರಕಲ್ಲಿನ ಗೋಡೆಯನ್ನು ಮಳೆಗಾಲದಲ್ಲಿ ಒಳಗಿನಿಂದ ಮುಟ್ಟಿ ನೋಡಿದವರಿಗೆ ಈ ಎರಡಡಿಯ ಬೆಲೆ ಗೊತ್ತಿರುತ್ತದೆ. ಕಲ್ಲು ನೀರು ಕುಡಿದು ಒಳಮೈಯಲ್ಲೂ ಒದ್ದೆಯಾಗಿರುತ್ತದೆ. ಅಂತರ ಬಿಟ್ಟ ಮೇಲೂ ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆಯಲ್ಲಿ ಇಡೀ ರಾಶಿ ಹಿಡಿಯುತ್ತದೆ.

ಯಾವ ಕೋಣೆ ಎಂಬುದು ಇನ್ನೊಂದು ಪ್ರಶ್ನೆ. ಕೆಳಗೆ ತೇವ ಎಂದು ಮೂಟೆಗಳನ್ನು ಮಹಡಿಯ ಹೊಸ ಸ್ಲ್ಯಾಬಿನ ಮೇಲೆ ಹೊರಿಸುವವರಿದ್ದಾರೆ. ಇದು ಅಪಾಯ. 80 ಮೂಟೆ ಎಂದರೆ ನಾಲ್ಕು ಟನ್, ಅದು ಕೂರುವ ಜಾಗ ಬರೀ ಮೂರು ಚದರ ಮೀಟರಿನಷ್ಟು. ಒಂದೊಂದು ಚದರ ಮೀಟರಿನ ಮೇಲೆ ಸಾವಿರದ ಇನ್ನೂರು ಕಿಲೋಗಿಂತ ಹೆಚ್ಚು ಭಾರ ಬಿತ್ತು. ವಾಸದ ಕೋಣೆಯ ಸ್ಲ್ಯಾಬನ್ನು ಎಂಜಿನಿಯರು ಲೆಕ್ಕ ಹಾಕುವುದು ಜನ, ಪೀಠೋಪಕರಣ ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಗೆ. ಅದರ ಆರು ಪಟ್ಟು ಭಾರವನ್ನು, ಅದೂ ಇನ್ನೂ ಪೂರ್ತಿ ಬಲಿಯದ ಸ್ಲ್ಯಾಬಿನ ಮೇಲೆ ಹೇರುವುದು ಯಾವ ಕಾರಣಕ್ಕೂ ಕೂಡದು. ನೆಲಮಟ್ಟದ ಕೋಣೆಯೇ ಸರಿ. ಪಂಚಾಂಗದ ಮೇಲೆ ಮಣ್ಣು ತುಂಬಿ ಗಟ್ಟಿಮಾಡಿದ ನೆಲ, ಮೇಲೆ ಸೋರದ ಮಾಡು, ಕಿಟಕಿ ಬಾಗಿಲಿಗೆ ತಾತ್ಕಾಲಿಕವಾಗಿ ಹೊಡೆದ ತಗಡು ಅಥವಾ ಪ್ಲೈವುಡ್, ಇಷ್ಟಿದ್ದರೆ ಆಯಿತು.

ನೆಲದ ಮೇಲೆ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಹೊಸದಾಗಿ ತುಂಬಿದ ಮಣ್ಣು ತಿಂಗಳುಗಟ್ಟಲೆ ಆವಿ ಬಿಡುತ್ತಿರುತ್ತದೆ. ಹಾಳೆಯ ಮೇಲೆ ಕಾಂಕ್ರೀಟ್ ಬ್ಲಾಕುಗಳನ್ನಿಟ್ಟು, ಅವುಗಳ ಮೇಲೆ ಸೆಂಟ್ರಿಂಗ್ ಹಲಗೆ ಜೋಡಿಸಿದರೆ ಆರರಿಂದ ಎಂಟು ಇಂಚಿನ ಅಟ್ಟಣಿಗೆ ಸಿದ್ಧ. ಹಲಗೆ ಒಣಗಿದ್ದಿರಲಿ. ನಿನ್ನೆ ಕಾಂಕ್ರೀಟಿನಿಂದ ಬಿಚ್ಚಿದ ಹಸಿ ಹಲಗೆಯಾದರೆ ಅದೇ ತೇವದ ಮೂಲವಾಗುತ್ತದೆ. ಹತ್ತು ಮೂಟೆಗಿಂತ ಎತ್ತರ ಪೇರಿಸಬಾರದು. ಅದಕ್ಕೂ ಮೇಲೆ ಹೋದರೆ ತಳದ ಮೂಟೆಗಳು ಭಾರಕ್ಕೇ ಹೆಪ್ಪುಗಟ್ಟುತ್ತವೆ, ರಾಶಿ ವಾಲುವ ಭಯವೂ ಉಂಟು. ಒಂದು ವರಸೆ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ ಇಟ್ಟರೆ ಮೂಟೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೂಟೆ ಮೂಟೆಯ ನಡುವೆ ಸಂದು ಬಿಡದೆ ಒತ್ತಾಗಿ ಇಡಬೇಕು.

ಮಳೆಗಾಲಕ್ಕೆ ಇಷ್ಟು ಸಾಲದು. ಪ್ಲಾಸ್ಟಿಕ್ ಹಾಳೆಯನ್ನು ಹಲಗೆಯ ಮೇಲೂ ಹಾಸಿ, ಮೂಟೆ ಪೇರಿಸಿ ಮುಗಿದ ಮೇಲೆ ನಾಲ್ಕೂ ಕಡೆಯಿಂದ ಮೇಲಕ್ಕೆತ್ತಿ ರಾಶಿಯ ನೆತ್ತಿಯಲ್ಲಿ ಮಡಚಿ ಮುಚ್ಚಬೇಕು. ಮೇಲಿನಿಂದ ಹೊದೆಸಿ ಬದಿಗಳನ್ನು ಇಳಿಬಿಟ್ಟರೆ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಒಂದೆರಡು ಮೂಟೆ ಬೇಕೆಂದು ಆಗಾಗ ಬಿಚ್ಚುವುದೂ ಒಳ್ಳೆಯದಲ್ಲ. ಮಳೆಗಾಲದ ಸಣ್ಣಪುಟ್ಟ ಕೆಲಸಕ್ಕೆ ಬೇಕಾಗುವ ನಾಲ್ಕಾರು ಮೂಟೆಯನ್ನು ಬೇರೆಯಾಗಿ ಸುತ್ತಿಟ್ಟುಕೊಂಡರೆ ದೊಡ್ಡ ರಾಶಿಯನ್ನು ಮುಟ್ಟುವ ಪ್ರಮೇಯ ಬಾರದು. ಅರ್ಧ ಖಾಲಿಯಾದ ಮೂಟೆಯನ್ನು ಬಾಯಿ ಮಡಚಿ ಮೂಲೆಯಲ್ಲಿಟ್ಟರೆ ಅದು ವಾರದಲ್ಲೇ ಕಲ್ಲಾದೀತು, ಮುಚ್ಚಳ ಗಟ್ಟಿಯಾಗಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯಬೇಕು. ರಾಶಿಯ ಬದಿಯಲ್ಲಿ ವಾರದ ಸಂಖ್ಯೆಯನ್ನು ದೊಡ್ಡದಾಗಿ ಬರೆದಿಟ್ಟು, ಹಳೆಯದನ್ನು ಮೊದಲು ತೆಗೆಯುವಂತೆ ಜೋಡಿಸುವುದು ಕಷ್ಟದ ಕೆಲಸವಲ್ಲ. ಹೊಸ ಲೋಡು ಬಂದಾಗ ಹಳೆಯದರ ಮುಂದೆಯೇ ಪೇರಿಸಿ, ಹಳೆಯದು ಗೋಡೆಯ ಕಡೆ ಮರೆತುಹೋಗುವುದೇ ಎಲ್ಲೆಡೆ ನಡೆಯುವ ಎಡವಟ್ಟು.

ಅಕ್ಟೋಬರಿನಲ್ಲಿ ರಾಶಿ ಬಿಚ್ಚಿದಾಗ ಕೆಲವು ಮೂಟೆ ಗಟ್ಟಿಯಾಗಿರುತ್ತವೆ. ಗಟ್ಟಿ ಎಂದಾಕ್ಷಣ ಎಲ್ಲವೂ ಕೆಟ್ಟಂತಲ್ಲ. ಭಾರದಿಂದ ಕಣಗಳು ಒತ್ತಿಕೊಂಡು ಗಟ್ಟಿಯಾದ ಮೂಟೆಯನ್ನು ನೆಲದ ಮೇಲೆ ನಾಲ್ಕು ಸಲ ಉರುಳಿಸಿದರೆ ಸಡಿಲವಾಗಿ, ಬಿಚ್ಚಿ ನೋಡಿದರೆ ಪುಡಿಯೇ ಸಿಗುತ್ತದೆ. ಅದು ಕೆಟ್ಟ ಸಿಮೆಂಟಲ್ಲ. ಇನ್ನೊಂದು ಬಗೆಯದು ತೇವದಿಂದ ಕಟ್ಟಿದ ಗಂಟು. ಅದು ಹೆಚ್ಚಾಗಿ ಚೀಲಕ್ಕೆ ತಾಗಿದ ಹೊರಭಾಗದಲ್ಲಿ, ಮೂಲೆಗಳಲ್ಲಿ, ಹೊಲಿಗೆಯ ಬಾಯಲ್ಲಿ ಇರುತ್ತದೆ. ಗಂಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿಸುಕಬೇಕು. ಪುಡಿಯಾದರೆ ಪಸೆಯ ಆರಂಭ ಎಂದು ತಿಳಿದು ಬೇಗ ಬಳಸಬೇಕು. ಹಿಸುಕಿದರೂ ಒಡೆಯದೆ, ಕಲ್ಲಿನಂತೆ ಅಂಚು ಚುಚ್ಚಿದರೆ ಅಲ್ಲಿ ಸಿಮೆಂಟಿನ ಕ್ರಿಯೆ ಆಗಲೇ ಮುಗಿದಿದೆ.

ಈ ಹಂತದಲ್ಲಿ ಸೈಟಿನಲ್ಲಿ ಒಂದು ಮಾತು ಖಂಡಿತ ಕೇಳಿಬರುತ್ತದೆ: “ಏನೂ ಆಗುದಿಲ್ಲ ಮಾರಾಯ್ರೆ, ಜರಡಿ ಹಿಡಿದ್ರೆ ಆಯ್ತು.” ಜರಡಿ ಹಿಡಿದಾಗ ಗಂಟು ಮೇಲೆ ಉಳಿಯುವುದು ನಿಜ. ಆದರೆ ಕೆಳಗೆ ಬಿದ್ದ ಪುಡಿಯೂ ಅದೇ ಚೀಲದಲ್ಲಿ, ಅದೇ ಪಸೆಯಲ್ಲಿ ಇದ್ದದ್ದು. ಅದರ ಕಣಗಳ ಮೇಲೂ ಪೊರೆ ಕಟ್ಟಿರುತ್ತದೆ, ಕಣ್ಣಿಗೆ ಕಾಣುವಷ್ಟು ದಪ್ಪವಾಗಿಲ್ಲ ಅಷ್ಟೆ. ಜರಡಿ ಗಂಟನ್ನು ತೆಗೆಯುತ್ತದೆ, ಹೋದ ಬಲವನ್ನು ತಂದುಕೊಡುವುದಿಲ್ಲ. ಗಟ್ಟಿ ಗಂಟುಗಳಿರುವ ಮೂಟೆಯ ಸಿಮೆಂಟು ಕಂಬ, ಬೀಮು, ಸ್ಲ್ಯಾಬು, ಲಿಂಟಲ್ ಯಾವುದಕ್ಕೂ ಸಲ್ಲದು. ಜರಡಿ ಹಿಡಿದ ಪುಡಿಯನ್ನು ಅಂಗಳದ ಕಲ್ಲುಹಾಸಿನ ಅಡಿಗೋ, ಭಾರ ಹೊರದ ತುಂಬುಕೆಲಸಕ್ಕೋ ಬಳಸಬಹುದು.

ಕೈ ತೂರಿಸಿದಾಗ ತಂಪೆನಿಸುತ್ತದೆಯೇ, ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತಿದೆಯೇ, ಬಕೆಟ್ ನೀರಿಗೆ ಎಸೆದರೆ ತುಸು ತೇಲಿ ಮುಳುಗುತ್ತದೆಯೇ ಎಂಬ ಪರೀಕ್ಷೆಗಳನ್ನು ಮೇಸ್ತ್ರಿಗಳು ಮಾಡುತ್ತಾರೆ. ಪೂರ್ತಿ ಹಾಳಾದ ಸಿಮೆಂಟು ಇವುಗಳಲ್ಲಿ ಸಿಕ್ಕಿಬೀಳುತ್ತದೆ. ಶೇ. 25ರಷ್ಟು ಬಲ ಕಳೆದುಕೊಂಡದ್ದು ಸಿಕ್ಕಿಬೀಳುವುದಿಲ್ಲ. ಅದನ್ನು ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ. ಸಿಮೆಂಟು ಮತ್ತು ಮಾನಕ ಮರಳಿನ ಸಣ್ಣ ಘನಗಳನ್ನು ಮಾಡಿ, ನೀರಿನಲ್ಲಿಟ್ಟು, ಮೂರು, ಏಳು ಮತ್ತು 28 ದಿನಕ್ಕೆ ಯಂತ್ರದಲ್ಲಿ ಒಡೆದು ನೋಡುತ್ತಾರೆ. ಪಿಪಿಸಿ ಏಳನೇ ದಿನಕ್ಕೆ ಚದರ ಮಿಲಿಮೀಟರಿಗೆ 22 ನ್ಯೂಟನ್, 28ನೇ ದಿನಕ್ಕೆ 33 ನ್ಯೂಟನ್ ಬಲವನ್ನಾದರೂ ತೋರಿಸಬೇಕು. ಅನೇಕ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ಈ ಪರೀಕ್ಷೆ ನಡೆಯುತ್ತದೆ. ಮೂರು ತಿಂಗಳು ದಾಟಿದ ಸಿಮೆಂಟನ್ನು ಭಾರ ಹೊರುವ ಕೆಲಸಕ್ಕೆ ಬಳಸಲೇಬೇಕೆಂದಿದ್ದರೆ ಕೆಲಸಕ್ಕೆ ಒಂದು ತಿಂಗಳ ಮೊದಲೇ ಮಾದರಿ ಕಳುಹಿಸಬೇಕು. ಗೋಡೆಯ ಗಾರೆಗಾದರೆ ಇಷ್ಟು ಬೇಕಾಗದು, ಗಂಟಿಲ್ಲದ ಮೂಟೆಯನ್ನು ನೋಡಿ ಬಳಸಬಹುದು.

ಇನ್ನು ಕಂಬಿಯ ಮಾತು. ಸಿಮೆಂಟಿನ ವಿಷಯದಲ್ಲಿ ಜನ ಅತಿ ಧೈರ್ಯವಂತರು, ತುಕ್ಕಿನ ವಿಷಯದಲ್ಲಿ ಅತಿ ಅಂಜುವವರು. ಎರಡು ಮಳೆಗೆ ಕಂಬಿ ಕೇಸರಿ ಬಣ್ಣಕ್ಕೆ ತಿರುಗಿದರೆ ಸಾಕು, ಕಳಪೆ ಮಾಲು ಬಂತೆಂದು ಅಂಗಡಿಗೆ ಫೋನು ಹೋಗುತ್ತದೆ. ಟಿಎಂಟಿ ಕಂಬಿಯೂ ಕಬ್ಬಿಣವೇ, ತುಕ್ಕು ಹಿಡಿಯುತ್ತದೆ. ತೆಳುವಾಗಿ, ಮೈಗೆ ಅಂಟಿಕೊಂಡಿರುವ, ಬಟ್ಟೆಯಿಂದ ಒರೆಸಿದರೆ ಬಣ್ಣ ಮಾತ್ರ ಹತ್ತುವ ತುಕ್ಕು ಕಾಂಕ್ರೀಟಿಗೆ ತೊಂದರೆ ಕೊಡದು, ಅದರ ಒರಟಿನಿಂದ ಹಿಡಿತ ತುಸು ಹೆಚ್ಚುವುದೂ ಉಂಟು. ನಮ್ಮ ಐಎಸ್ 456 ಸಂಹಿತೆ ಬೇಡವೆನ್ನುವುದು ಸಡಿಲ ತುಕ್ಕು, ಸಡಿಲ ಹಕ್ಕಳೆ, ಮಣ್ಣು, ಎಣ್ಣೆ, ಬಣ್ಣಗಳನ್ನು. ಅಮೆರಿಕದ ಕಾಂಕ್ರೀಟ್ ಸಂಹಿತೆಯೂ, ತಂತಿಬ್ರಷ್ಷಿನಿಂದ ಉಜ್ಜಿದ ಮೇಲೆ ಅಳತೆ, ತೂಕ, ಮೇಲಿನ ಏಣುಗಳ ಎತ್ತರ ಸರಿಯಿದ್ದರೆ ತುಕ್ಕಿನ ಕಂಬಿಯನ್ನು ಒಪ್ಪುತ್ತದೆ.

ಹಾಗಾಗಿ ನೋಡಬೇಕಾದದ್ದು ಬಣ್ಣವನ್ನಲ್ಲ. ವೈರ್ ಬ್ರಷ್ ಆಡಿಸಿದಾಗ ಪದರಪದರವಾಗಿ ಏಳುತ್ತದೆಯೇ? ಎದ್ದ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗುಳಿ ಇದೆಯೇ? ಏಣುಗಳು ಸವೆದು ಬೋಳಾಗಿವೆಯೇ? ಅನುಮಾನ ಬಂದರೆ ತಕ್ಕಡಿಯೇ ನ್ಯಾಯಾಧೀಶ. ಕಂಬಿಯ ತೂಕ ತಿಳಿಯುವ ಸೂತ್ರ ಕಂಬಿ ಕೆಲಸದವರಿಗೆಲ್ಲ ಬಾಯಿಪಾಠ: ಮಿಲಿಮೀಟರಿನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿ.ಮೀ. ಕಂಬಿಗೆ 144ನ್ನು 162ರಿಂದ ಭಾಗಿಸಿ, ಸುಮಾರು 888 ಗ್ರಾಂ. ಅತಿ ಹೆಚ್ಚು ತುಕ್ಕು ಹಿಡಿದಿರುವ ಕಡೆಯಿಂದ ಸರಿಯಾಗಿ ಒಂದು ಮೀಟರ್ ಕತ್ತರಿಸಿ, ಚೆನ್ನಾಗಿ ಬ್ರಷ್ ಮಾಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟರೂ ಸಾಕು. ಐಎಸ್ 1786ರ ಪ್ರಕಾರ ಈ ಗಾತ್ರದ ಒಂದು ಬಿಡಿ ಮಾದರಿ ಶೇ. 6ರವರೆಗೆ ಕಡಿಮೆ ತೂಗಬಹುದು, ಅಂದರೆ 835 ಗ್ರಾಂ ತನಕ. 8 ಮಿ.ಮೀ. ಕಂಬಿಯಾದರೆ 395 ಗ್ರಾಮಿಗೆ ಶೇ. 8ರ ವಿನಾಯಿತಿ, ಅಂದರೆ 363 ಗ್ರಾಂ. ಅದಕ್ಕಿಂತ ಕೆಳಗಿಳಿದರೆ ಆ ಕಂಬಿ ಬೇಡ. ಒಂದು ಮಳೆಗಾಲದ ಮೇಲ್ಮೈ ತುಕ್ಕು ಸಾಮಾನ್ಯವಾಗಿ ಇಷ್ಟನ್ನು ತಿನ್ನುವುದಿಲ್ಲ. ಮಾಲು ಬಂದ ದಿನವೇ ಒಂದು ತುಂಡು ತೂಗಿ ಬರೆದಿಟ್ಟುಕೊಂಡಿದ್ದರೆ, ಕಡಿಮೆಯಾದದ್ದು ತುಕ್ಕಿನಿಂದಲೋ ಕಾರ್ಖಾನೆಯಿಂದಲೇ ಹಗುರವಾಗಿ ಬಂತೋ ಎಂಬುದೂ ತಿಳಿಯುತ್ತದೆ.

ತುಕ್ಕಿಗಿಂತ ಮೊದಲು ಕಾಡುವುದು ಮಣ್ಣು. ನೆಲಕ್ಕೆ ತಾಗಿ ಬಿದ್ದ ಕಂಬಿಯ ಅಡಿಭಾಗದಲ್ಲಿ ಕೆಂಪುಕೆಸರು ಏಣುಗಳ ನಡುವೆ ತುಂಬಿ ಒಣಗುತ್ತದೆ. ಕಾಂಕ್ರೀಟು ಹಿಡಿಯುವುದು ಆ ಏಣುಗಳನ್ನೇ. ಅಲ್ಲಿ ಮಣ್ಣಿದ್ದರೆ ಕಂಬಿಗೂ ಕಾಂಕ್ರೀಟಿಗೂ ಸಂಬಂಧವೇ ಕೂಡುವುದಿಲ್ಲ. ತುಕ್ಕಿನ ಬಣ್ಣಕ್ಕೂ ಮಣ್ಣಿನ ಬಣ್ಣಕ್ಕೂ ವ್ಯತ್ಯಾಸ ಕಾಣದ ಕಾರಣ ಕರಾವಳಿ, ಮಲೆನಾಡಿನ ಸೈಟುಗಳಲ್ಲಿ ಇದು ಕಣ್ತಪ್ಪಿ ಹೋಗುತ್ತದೆ. ಆದ್ದರಿಂದ ನೆಲದಿಂದ ಕನಿಷ್ಠ ಆರಿಂಚು ಎತ್ತರ ಬೇಕು. 40 ಅಡಿಯ ಕಂಬಿಗೆ ಐದಾರು ಅಡಿಗೊಂದರಂತೆ ಎಂಟು ಆಸರೆ ಕೊಟ್ಟರೆ ಜೋತುಬೀಳುವುದಿಲ್ಲ. ಮುರಕಲ್ಲನ್ನೇ ಆಸರೆಯಾಗಿ ಇಡುವುದು ವಾಡಿಕೆ, ಆದರೆ ಆ ಕಲ್ಲು ನೀರು ಹಿಡಿದಿಟ್ಟುಕೊಳ್ಳುವುದರಿಂದ ತಾಗಿದ ಜಾಗದಲ್ಲೇ ಕಂಬಿ ಆಳವಾಗಿ ಕೊರೆಯುತ್ತದೆ. ಕಲ್ಲಿನ ಮೇಲೆ ಮರದ ರೀಪನ್ನೋ ಪ್ಲಾಸ್ಟಿಕ್ ತುಂಡನ್ನೋ ಇಡುವುದು ಮೇಲು. ಒಂದು ತುದಿ ಸ್ವಲ್ಪ ತಗ್ಗಿದ್ದರೆ ನೀರು ನಿಲ್ಲದೆ ಇಳಿದುಹೋಗುತ್ತದೆ. ಗಾತ್ರಕ್ಕೊಂದರಂತೆ ರಾಶಿ ಬೇರೆ ಮಾಡಿ, ಕಾರ್ಖಾನೆಯ ಟ್ಯಾಗನ್ನು ಕಟ್ಟಿಗೇ ಬಿಡಬೇಕು.

ಹೊದಿಕೆಯ ವಿಷಯದಲ್ಲಿ ಸಿಮೆಂಟಿಗೆ ಮಾಡಿದ್ದರ ತದ್ವಿರುದ್ಧ ಇಲ್ಲಿ. ರಾಶಿಯ ಮೇಲೆ ಎರಡು ಕವೆಗೋಲು ನೆಟ್ಟು, ನಡುವೆ ಬಿದಿರು ಕಟ್ಟಿ, ತಾರ್ಪಾಲನ್ನು ಮಾಡಿನಂತೆ ಎರಡು ಕಡೆ ಇಳಿಬಿಡಬೇಕು. ತಾರ್ಪಾಲು ಕಂಬಿಗೆ ತಾಗಬಾರದು, ಎರಡೂ ತುದಿ ತೆರೆದಿರಬೇಕು. ಮಳೆಹನಿ ತಪ್ಪಿತು, ಗಾಳಿಯೂ ಓಡಾಡಿತು. ತಿಂಗಳುಗಟ್ಟಲೆ ಇಡುವುದಾದರೆ ಸಿಮೆಂಟಿನ ತಿಳಿಯನ್ನು ಬ್ರಷ್ಷಿನಿಂದ ಕಂಬಿಗೆ ಬಳಿದು ಇಡುವ ಕ್ರಮವನ್ನು ಐಎಸ್ 4082 ಕೂಡ ಸೂಚಿಸುತ್ತದೆ. ಸಿಮೆಂಟಿನ ಕ್ಷಾರಗುಣ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ರಕ್ಷಾಪೊರೆ ಕಟ್ಟಿಸುತ್ತದೆ. ಬಳಸುವ ಮುನ್ನ, ಸಡಿಲವಾಗಿ ಏಳುವ ಸಿಮೆಂಟು ಚೂರುಗಳನ್ನು ಉಜ್ಜಿ ತೆಗೆಯಬೇಕು.

ಕಡಲ ಹತ್ತಿರದ ಊರಿಗೆ ಇನ್ನೊಂದು ಎಚ್ಚರ ಬೇಕು. ಗಾಳಿಯಲ್ಲಿ ಬರುವ ಉಪ್ಪು ಕಂಬಿಯ ಮೇಲೆ ಕೂತು, ಮೊದಲು ಹೇಳಿದ ನಿರುಪದ್ರವಿ ತುಕ್ಕನ್ನೇ ಉಪದ್ರವಿಯಾಗಿಸುತ್ತದೆ. ಉಪ್ಪಿನ ಕ್ಲೋರೈಡು ಆ ರಕ್ಷಾಪೊರೆಯನ್ನು ಅಲ್ಲಲ್ಲಿ ತೂತು ಮಾಡಿ, ಇಡೀ ಮೈ ಬಿಟ್ಟು ಒಂದೊಂದೇ ಬಿಂದುವಿನಲ್ಲಿ ಆಳಕ್ಕೆ ಕೊರೆಯುತ್ತದೆ. ತೂಕದಲ್ಲಿ ಇದು ಅಷ್ಟಾಗಿ ಕಾಣದು, ಗುಳಿಗಳಲ್ಲಿ ಕಾಣುತ್ತದೆ. ಉಪ್ಪು ಕಾಂಕ್ರೀಟಿನೊಳಗೆ ಸೇರಿಬಿಟ್ಟರೆ ಅಲ್ಲಿಯೂ ತನ್ನ ಕೆಲಸ ಮುಂದುವರಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುವುದರಿಂದ ಕಾಂಕ್ರೀಟು ಒಳಗಿನಿಂದ ಬಿರಿಯುತ್ತದೆ, ಹಳೆಯ ಸ್ಲ್ಯಾಬುಗಳ ಅಡಿಯಿಂದ ಚಕ್ಕೆ ಉದುರುವುದು ಹೀಗೆಯೇ. ಆದ್ದರಿಂದ ಕಡಲತೀರದಲ್ಲಿ ಬಹುಕಾಲ ತೆರೆದಿದ್ದ ಕಂಬಿಯನ್ನು ಒಣ ಬ್ರಷ್ಷಿನಿಂದ ಉಜ್ಜಿದರೆ ಸಾಲದು. ಸಿಹಿನೀರು ಜೋರಾಗಿ ಹಾಯಿಸಿ ತೊಳೆದು, ಉಜ್ಜಿ, ಮತ್ತೆ ತೊಳೆಯಬೇಕು. ಬೇಸಿಗೆಯಲ್ಲಿ ಉಪ್ಪಾಗುವ ಬಾವಿಯ ನೀರು ಇದಕ್ಕೆ ಬೇಡ.

ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿ ಮುಗಿದ ದಿನವೇ ಮಳೆ ಹಿಡಿದು ಕಾಂಕ್ರೀಟು ಎರಡು ವಾರ ಮುಂದಕ್ಕೆ ಹೋಗುವುದೂ ಇದೆ. ಆಗ ತುಕ್ಕುನೀರು ಹಲಗೆಯ ಮೇಲೆ ಇಳಿದು ಕಲೆಯಾಗುತ್ತದೆ. ಕಲೆ ಕಂಡು ಗಾಬರಿಯಾಗಬೇಕಿಲ್ಲ. ಕಾಂಕ್ರೀಟು ಹಾಕುವ ಮುನ್ನಾದಿನ ಪೈಪಿನಿಂದ ನೀರು ಹಾಯಿಸಿ ಸಡಿಲ ತುಕ್ಕನ್ನೂ ಕೆಲಸದವರ ಕಾಲಿನ ಮಣ್ಣನ್ನೂ ತೊಳೆದು ಹೊರಹಾಕಿ, ಬೀಮಿನ ತಳದಲ್ಲಿ ನಿಂತ ಕೆಸರನ್ನು ಕೈಯಿಂದ ಬಾಚಬೇಕು. ಹಲಗೆಗೆ ಎಣ್ಣೆ ಹಚ್ಚುವುದು ಕಂಬಿ ಕಟ್ಟುವ ಮೊದಲೇ ಆಗಿರಬೇಕು. ಕಂಬಿಗೆ ತಾಗಿದ ಎಣ್ಣೆ ಮಳೆಗೆ ತೊಳೆದುಹೋಗುವುದಿಲ್ಲ.

ಸಂಗ್ರಹದ ಲೆಕ್ಕಕ್ಕೇ ಬಾರದ ಕಂಬಿ ಇನ್ನೊಂದಿದೆ. ಮುಂದೆ ಮಹಡಿ ಕಟ್ಟುವ ಆಸೆಯಿಂದ ತಾರಸಿಯ ಮೇಲೆ ಕಂಬಗಳ ಕಂಬಿಯನ್ನು ಮೂರಡಿ ಚಾಚಿ ಬಿಟ್ಟ ಮನೆಗಳು ಕರ್ನಾಟಕದ ಊರೂರಲ್ಲೂ ಇವೆ. ಐದು ವರ್ಷ, ಹತ್ತು ವರ್ಷ ಆ ಕಂಬಿಗಳು ಮಳೆ ಬಿಸಿಲಿಗೆ ನಿಂತಿರುತ್ತವೆ. ಅವು ಅತಿ ಹೆಚ್ಚು ಸವೆಯುವುದು ಕಂಬಿ ಕಾಂಕ್ರೀಟಿನಿಂದ ಹೊರಬರುವ ಬುಡದಲ್ಲಿ, ನೀರು ನಿಲ್ಲುವುದು ಅಲ್ಲೇ. ಹೊಸ ಕಂಬದ ಭಾರವೆಲ್ಲ ಹಾದುಹೋಗುವುದೂ ಅಲ್ಲಿಂದಲೇ. ಹೀಗೆ ಬಿಡುವುದಾದರೆ ಕಂಬಿಗೆ ಸಿಮೆಂಟು ತಿಳಿ ಬಳಿದು, ಸುತ್ತ ಇಟ್ಟಿಗೆ ಕಟ್ಟಿ ತೆಳು ಕಾಂಕ್ರೀಟಿನಲ್ಲಿ ಪೂರ್ತಿ ಮುಚ್ಚಿಬಿಡಬೇಕು, ಮುಂದೆ ಒಡೆದು ತೆಗೆಯುವುದು ಸುಲಭ. ಆಗಲೇ ವರ್ಷಗಟ್ಟಲೆ ಬಿಟ್ಟಿದ್ದರೆ ಬುಡದ ಕಾಂಕ್ರೀಟನ್ನು ಎರಡಿಂಚು ಬಿಡಿಸಿ, ಬ್ರಷ್ ಮಾಡಿ, ವರ್ನಿಯರ್ ಕ್ಯಾಲಿಪರ್‌ನಲ್ಲಿ ವ್ಯಾಸ ಅಳೆಯಬೇಕು. 16 ಮಿ.ಮೀ. ಇರಬೇಕಾದದ್ದು 14ಕ್ಕೆ ಇಳಿದಿದ್ದರೆ ಸುಮಾರು ಕಾಲುಭಾಗ ಕಬ್ಬಿಣ ಹೋಗಿದೆ ಎಂದರ್ಥ. ಅದಕ್ಕೆ ಹೊಸ ಕಂಬಿಯನ್ನು ಬೆಸುಗೆ ಹಾಕಿ ಮುಂದುವರಿಸುವ ಬದಲು, ಪಕ್ಕದಲ್ಲಿ ರಂಧ್ರ ಕೊರೆದು ಅಂಟುರಸದಲ್ಲಿ ಹೊಸ ಕಂಬಿ ನೆಡಬೇಕೇ, ಎಷ್ಟು ಆಳ, ಎಷ್ಟು ಸಂಖ್ಯೆ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರಿಂದ ಲೆಕ್ಕ ಹಾಕಿಸಿಕೊಂಡೇ ಮೇಲಿನ ಮಹಡಿಗೆ ಕೈಹಾಕಬೇಕು.